ಅನುವಾದಕರ ಹೆಸರು ಬೆಳೆಯುವ ಬಗೆ

ಕನ್ನಡದಿಂದ ಇಂಗ್ಲಿಷಿಗೆ ಸಾಹಿತ್ಯ ಅನುವಾದ ಮಾಡುವ ವೃತ್ತಿಗೆ ಪ್ರವೇಶ ಪರೀಕ್ಷೆಯಿಲ್ಲ. ಪದವಿ ಇದ್ದರೂ ಅದನ್ನು ನೋಡಿ ಯಾವ ಪ್ರಕಾಶಕರೂ ಕಾದಂಬರಿಯೊಂದನ್ನು ಕೈಗೆ ಕೊಡುವುದಿಲ್ಲ. ಪುಸ್ತಕವನ್ನು ಒಪ್ಪಿಕೊಳ್ಳಬೇಕಾದ ಸಂಪಾದಕರಿಗೆ ಬಹುಪಾಲು ಕನ್ನಡ ಬರುವುದಿಲ್ಲ. ಮೂಲ ಹೇಗಿದೆ, ಅನುವಾದ ಅದಕ್ಕೆ ಎಷ್ಟು ಹತ್ತಿರವಿದೆ ಎಂದು ಅವರು ಸ್ವತಃ ಪರೀಕ್ಷಿಸಲಾರರು. ಹಾಗಾಗಿ ಅವರು ನೋಡುವುದು ಎರಡೇ ಸಂಗತಿ. ಎದುರಿಗಿರುವ ಇಂಗ್ಲಿಷ್ ಪುಟ ತನ್ನಷ್ಟಕ್ಕೆ ಓದಿಸಿಕೊಳ್ಳುತ್ತದೆಯೇ? ಇವರನ್ನು ಈ ಮೊದಲು ಬೇರೆ ಯಾರಾದರೂ ನಂಬಿ ಪ್ರಕಟಿಸಿದ್ದಾರೆಯೇ? ಈ ಎರಡನೆಯ ಪ್ರಶ್ನೆಗೆ ಉತ್ತರ ಒಂದು ವರ್ಷದಲ್ಲಿ ಸಿದ್ಧವಾಗುವಂಥದ್ದಲ್ಲ. ಬಿಡಿಕಥೆಗಳು, ಪುಸ್ತಕ ವಿಮರ್ಶೆಗಳು, ಪ್ರಕಾಶಕರಿಗೆ ಬರೆದುಕೊಟ್ಟ ವರದಿಗಳು, ಒಂದೆರಡು ಸಣ್ಣ ಪುಸ್ತಕಗಳು ಒಂದರ ಮೇಲೊಂದು ಕೂಡಿಕೊಂಡು ಅದು ರೂಪುಗೊಳ್ಳುತ್ತದೆ.

2025ರ ಮೇ 20ರಂದು ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅದರ 50,000 ಪೌಂಡುಗಳಲ್ಲಿ ಸರಿಪಾಲು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸೇರಿತು. 2016ರಿಂದ ಈ ಪ್ರಶಸ್ತಿ ನಡೆದುಬಂದಿರುವುದೇ ಹೀಗೆ: ಲೇಖಕರಿಗೆ ಅರ್ಧ, ಅನುವಾದಕರಿಗೆ ಅರ್ಧ. ಸುದ್ದಿ ಓದಿದ ಹಲವರಿಗೆ ಮಡಿಕೇರಿಯ ಈ ಹೆಸರು ಆ ದಿನ ಮೊದಲ ಬಾರಿ ಕಿವಿಗೆ ಬಿದ್ದಿರಬಹುದು. ಆದರೆ ಅಷ್ಟರೊಳಗೆ ಅವರ ಹಿಂದೆ ವರ್ಷಗಳ ಪತ್ರಿಕಾ ಬರವಣಿಗೆ, ಅಂಕಣಗಳು, ಪ್ರಬಂಧಗಳು ಇದ್ದವು. ಶಿವರಾಮ ಕಾರಂತರ ಒಂದು ಕಾದಂಬರಿಯನ್ನು ಅವರು ಇಂಗ್ಲಿಷಿಗೆ ತಂದಿದ್ದರು. ಕೊಡಗಿನ ಗೌರಮ್ಮನವರ ಕಥೆಗಳ ಅನುವಾದ ‘ಫೇಟ್ಸ್ ಗೇಮ್ ಅಂಡ್ ಅದರ್ ಸ್ಟೋರೀಸ್’ 2023ರಲ್ಲಿ ಪ್ರಕಟವಾಗಿತ್ತು. ಬಾನು ಅವರ ‘ರೆಡ್ ಲುಂಗಿ’ ಎಂಬ ಕಥೆ ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯಲ್ಲಿ ಬಿಡಿಯಾಗಿ ಅಚ್ಚಾಗಿತ್ತು. ಬೂಕರ್ ತೀರ್ಪುಗಾರರ ಮುಂದೆ ಬಂದದ್ದು ಸಂಕಲನದ ಹನ್ನೆರಡು ಕಥೆಗಳು ಮಾತ್ರ. ಆ ಸಂಕಲನ ಅಚ್ಚಾಗಿ ಬರುವ ಮೊದಲೇ ಅನುವಾದಕಿಯ ಕೈಬರಹದ ಗುರುತು ಇಷ್ಟೊಂದು ಕಡೆ ಮೂಡಿತ್ತು.

ಈ ದಾರಿಯ ಮೊದಲ ಹೆಜ್ಜೆ ಭಾಷೆಯದಲ್ಲ, ಹಕ್ಕಿನದು. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯನ್ನು ಅನುವಾದಿಸುವ, ಪ್ರಕಟಿಸುವ ಅಧಿಕಾರ ಕೃತಿಸ್ವಾಮ್ಯ ಹೊಂದಿದವರದು. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ ಅರವತ್ತು ವರ್ಷ ಆ ಹಕ್ಕು ವಾರಸುದಾರರಲ್ಲಿ ಉಳಿಯುತ್ತದೆ. ಕೊಡಗಿನ ಗೌರಮ್ಮ 1939ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ತೀರಿಕೊಂಡರು. ಅವರ ಕಥೆಗಳು ಈಗ ಯಾರ ಅನುಮತಿಯನ್ನೂ ಬೇಡದೆ ಅನುವಾದಿಸಬಹುದಾದ ಸ್ಥಿತಿಯಲ್ಲಿವೆ. ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಕೃತಿಗಳಿಗೆ 2057ರ ಕೊನೆಯವರೆಗೆ ಅನುಮತಿ ಬೇಕು. ಹೊಸಬರು ಹಳೆಯ, ಹಕ್ಕು ಮುಗಿದ ಕಥೆಗಾರರಿಂದ ಶುರು ಮಾಡುವುದರಲ್ಲಿ ಅನುಕೂಲವೂ ಇದೆ, ಅನನುಕೂಲವೂ ಇದೆ. ಕಾಗದಪತ್ರದ ಗೋಜಿಲ್ಲ ಎಂಬುದು ಅನುಕೂಲ. ಸಂದೇಹ ಬಂದಾಗ ಕೇಳಲು ಲೇಖಕರಿಲ್ಲ, ಪುಸ್ತಕ ಬಂದಾಗ ವೇದಿಕೆಯ ಮೇಲೆ ಕೂತು ಮಾತಾಡಲೂ ಇಲ್ಲ. ಪ್ರಕಾಶಕರು ಇದನ್ನೂ ಲೆಕ್ಕ ಹಾಕುತ್ತಾರೆ.

ಬದುಕಿರುವ ಲೇಖಕರಾದರೆ ಕೇಳುವ ಅನುಮತಿ ಚಿಕ್ಕದಾಗಿರಬೇಕು. ‘ನಿಮ್ಮ ಎಲ್ಲ ಕೃತಿಗಳನ್ನೂ ಅನುವಾದಿಸುತ್ತೇನೆ’ ಎಂದು ಅಪರಿಚಿತರು ಬರೆದರೆ ಯಾವ ಲೇಖಕರೂ ಹಿಂದೆ ಸರಿಯುತ್ತಾರೆ. ಇಂಥ ಸಂಕಲನದ ಇಂಥ ಒಂದು ಕಥೆ, ಇಂಗ್ಲಿಷಿಗೆ ಮಾತ್ರ, ಪತ್ರಿಕೆಯಲ್ಲಿ ಪ್ರಕಟಿಸಲಷ್ಟೇ, ಒಂದು ವರ್ಷದ ಅವಧಿಗೆ ಎಂದು ಕೇಳಿದರೆ ಒಪ್ಪುವುದು ಸುಲಭ. ಒಪ್ಪಿಗೆ ಫೋನಿನಲ್ಲಿ ಸಿಕ್ಕರೂ ಅದನ್ನು ಒಂದು ಇಮೇಲಿನಲ್ಲಾದರೂ ಬರೆಸಿಕೊಳ್ಳಬೇಕು, ಏಕೆಂದರೆ ಮುಂದೆ ಪತ್ರಿಕೆ ಕೇಳುವುದು ಅದನ್ನೇ. ಹಕ್ಕು ಲೇಖಕರಲ್ಲೇ ಇದೆಯೋ ಅಥವಾ ಕನ್ನಡದ ಪ್ರಕಾಶಕರಿಗೆ ಬರೆದುಕೊಟ್ಟಾಗಿದೆಯೋ ಎಂಬುದನ್ನೂ ಇದೇ ಹಂತದಲ್ಲಿ ವಿಚಾರಿಸಿಕೊಳ್ಳಬೇಕು. ಇಡೀ ಕಾದಂಬರಿಯನ್ನು ಅನುವಾದಿಸಿ ಮುಗಿಸಿದ ಮೇಲೆ, ಅದರ ಹಕ್ಕು ಆಗಲೇ ಇನ್ನೊಬ್ಬರ ಕೈಯಲ್ಲಿದೆ ಎಂದು ತಿಳಿಯುವುದು ಈ ಕ್ಷೇತ್ರದ ಅತಿ ದುಬಾರಿ ತಪ್ಪು. ಹಾಗೆ ಕಳೆದ ಎರಡು ವರ್ಷಗಳಿಂದ ಹೊರಗಿನವರಿಗೆ ತೋರಿಸಲು ಒಂದು ಪುಟವೂ ಉಳಿಯುವುದಿಲ್ಲ.

ಮೊದಲ ಕೆಲಸಕ್ಕೆ ಸಣ್ಣಕಥೆಯೇ ಒಳ್ಳೆಯದೆನ್ನಲು ಕಾರಣವೂ ಇದೇ. ಮೂರು ಸಾವಿರ ಪದಗಳ ಕಥೆಯೊಂದು ಕೆಲವು ವಾರಗಳಲ್ಲಿ ಮುಗಿಯುತ್ತದೆ, ತಿದ್ದಲು ಕೈಗೆ ಸಿಗುತ್ತದೆ, ತಿರಸ್ಕೃತವಾದರೆ ನಷ್ಟ ಕಡಿಮೆ. ಕರಡು ಮುಗಿದ ಮೇಲೆ ಅದನ್ನು ಇಬ್ಬರು ಬೇರೆ ಬೇರೆ ಬಗೆಯ ಓದುಗರು ನೋಡಬೇಕಾಗುತ್ತದೆ. ಒಬ್ಬರು ಕನ್ನಡ ಬಲ್ಲವರು, ಅದರಲ್ಲೂ ಆ ಕಥೆಯ ಸೀಮೆಯ ಮಾತು ಬಲ್ಲವರು. ಅವರು ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಬೇಕು. ಬಿಟ್ಟುಹೋದ ವಾಕ್ಯ, ತಪ್ಪು ತಿಳಿದ ಗಾದೆ, ವ್ಯಂಗ್ಯವೆಂದು ಗೊತ್ತಾಗದೆ ಸೀದಾ ಇಳಿಸಿದ ಮಾತು ಅವರಿಗೆ ಸಿಗುತ್ತವೆ. ಇನ್ನೊಬ್ಬರು ಕನ್ನಡವೇ ಬಾರದವರು. ಅವರಿಗೆ ಮೂಲದ ವಿಷಯ ಏನೂ ಹೇಳದೆ ಇಂಗ್ಲಿಷ್ ಪುಟವನ್ನಷ್ಟೇ ಕೊಟ್ಟು, ಎಲ್ಲಿ ಎಡವಿದರೋ ಅಲ್ಲಿ ಗೆರೆ ಎಳೆಯಿರಿ ಎನ್ನಬೇಕು. ಮದುವೆ ಮನೆಯ ದೃಶ್ಯವೊಂದರಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ ನಾಲ್ವರೂ ‘ಆಂಟ್’ ಆಗಿಬಿಟ್ಟರೆ ಯಾರು ಯಾರನ್ನು ಬೈದರು ಎಂದು ತಿಳಿಯದೆ ಗೆರೆ ಎಳೆಯುವವರು ಇವರೇ. ಮೊದಲನೆಯ ಓದುಗರು ಮಾತ್ರ ಸಿಕ್ಕ ಅನುವಾದ ನಿಷ್ಠವಾಗಿದ್ದರೂ ಕುಂಟುತ್ತದೆ. ಎರಡನೆಯವರು ಮಾತ್ರ ಸಿಕ್ಕದ್ದು ನಯವಾಗಿರುತ್ತದೆ, ಆದರೆ ಕಥೆ ಯಾವ ಊರಿನದ್ದು ಎಂಬುದೇ ಮರೆಯಾಗಿರುತ್ತದೆ.

ನಂತರ ಪತ್ರಿಕೆಗಳ ಸರದಿ. ಸಾಹಿತ್ಯ ಅಕಾಡೆಮಿಯ ‘ಇಂಡಿಯನ್ ಲಿಟರೇಚರ್’ 1957ರಿಂದ ಭಾರತೀಯ ಭಾಷೆಗಳ ಬರಹಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸುತ್ತಿದೆ. ಹೊರದೇಶಗಳಲ್ಲಿ ‘ವರ್ಡ್ಸ್ ವಿದೌಟ್ ಬಾರ್ಡರ್ಸ್’, ‘ಅಸಿಂಪ್ಟೋಟ್’ ಮೊದಲಾದವು ಅನುವಾದಕ್ಕೆಂದೇ ಮೀಸಲಾದ ಪತ್ರಿಕೆಗಳು. ಇವು ಸಾಮಾನ್ಯವಾಗಿ ಅನುವಾದದ ಜೊತೆಗೆ ಮೂಲ ಪಠ್ಯ, ಹಕ್ಕುದಾರರ ಅನುಮತಿ, ಲೇಖಕರ ಮತ್ತು ಅನುವಾದಕರ ಎರಡು ಮೂರು ಸಾಲಿನ ಪರಿಚಯ ಕೇಳುತ್ತವೆ. ಕೆಲವು ಪತ್ರಿಕೆಗಳಿಗೆ ಅನುವಾದಕರ ಸಣ್ಣ ಟಿಪ್ಪಣಿಯೂ ಬೇಕು. ಉತ್ತರ ಬರಲು ತಿಂಗಳುಗಳು ಹಿಡಿಯುತ್ತವೆ. ಬಹಳಷ್ಟು ಸಲ ಬರುವ ಉತ್ತರ ‘ಇಲ್ಲ’. ಯಾವ ಕಥೆ, ಯಾವ ಪತ್ರಿಕೆಗೆ, ಯಾವ ದಿನ ಹೋಯಿತು, ಏನು ಉತ್ತರ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳದವರು ಒಂದೇ ಕಥೆಯನ್ನು ಒಂದೇ ಕಡೆಗೆ ಎರಡು ಸಲ ಕಳಿಸುವ ಮುಜುಗರಕ್ಕೆ ಸಿಕ್ಕುತ್ತಾರೆ. ನಿರಾಕರಣೆಗಳಲ್ಲೂ ವ್ಯತ್ಯಾಸವಿದೆ. ಅಚ್ಚು ಹಾಕಿಟ್ಟ ಎರಡು ಸಾಲಿನ ಉತ್ತರಕ್ಕೆ ಅರ್ಥವಿಲ್ಲ. ಆದರೆ ‘ಇದು ನಮಗೆ ಹೊಂದುವುದಿಲ್ಲ, ಇವರದೇ ಬೇರೆ ಕಥೆ ಇದ್ದರೆ ಕಳಿಸಿ’ ಎಂದು ಸಂಪಾದಕರು ಕೈಯಾರೆ ಬರೆದರೆ, ಪ್ರಕಟಣೆಯಾಗದೆಯೇ ಹೆಸರು ಒಂದು ಕಡೆ ದಾಖಲಾಯಿತೆಂದು ತಿಳಿಯಬಹುದು.

ಎಲ್ಲೆಂದರಲ್ಲಿ ಇಪ್ಪತ್ತು ಅನುವಾದಗಳನ್ನು ಪ್ರಕಟಿಸಿದವರಿಗಿಂತ, ಒಳ್ಳೆಯ ಸಂಪಾದಕರಿರುವ ಮೂರು ಕಡೆ ಮೂರು ಕಥೆ ಪ್ರಕಟಿಸಿದವರ ತೂಕ ಹೆಚ್ಚು. ಇದು ಬರೀ ಅಂತಸ್ತಿನ ಪ್ರಶ್ನೆಯಲ್ಲ. ಸಂಪಾದಕರಿದ್ದ ಕಡೆ ಪ್ರತಿ ಸಾಲಿಗೂ ಪ್ರಶ್ನೆ ಎದುರಾಗುತ್ತದೆ, ಅನುವಾದಕರು ಕೆಲವನ್ನು ಒಪ್ಪಿ ಕೆಲವನ್ನು ಕಾರಣ ಕೊಟ್ಟು ನಿರಾಕರಿಸಬೇಕಾಗುತ್ತದೆ. ತಿದ್ದುವಿಕೆಯನ್ನು ಇವರು ಹೇಗೆ ತೆಗೆದುಕೊಳ್ಳುತ್ತಾರೆ, ಹೇಳಿದ ದಿನಕ್ಕೆ ಕೊಡುತ್ತಾರೆಯೇ, ಎಲ್ಲಿ ಹಟ ಹಿಡಿಯುತ್ತಾರೆ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಸಂಪಾದಕರು ಕೆಲಸ ಬದಲಿಸುತ್ತಾರೆ. ಪತ್ರಿಕೆಯಲ್ಲಿದ್ದವರು ಪ್ರಕಾಶನ ಸಂಸ್ಥೆಗೆ ಹೋಗುತ್ತಾರೆ. ಹೋಗುವಾಗ ಈ ತಿಳಿವಳಿಕೆಯೂ ಅವರ ಜೊತೆಗೆ ಹೋಗುತ್ತದೆ.

ಅನುವಾದದ ಆಸುಪಾಸಿನ ಬರವಣಿಗೆಯೂ ಇಷ್ಟೇ ಕೆಲಸ ಮಾಡುತ್ತದೆ. ಶ್ರೀನಾಥ್ ಪೆರೂರ್ ಅವರ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅವರ ಅನುವಾದದಲ್ಲಿ 2015ರಲ್ಲಿ ಭಾರತದಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲೇ ಅವರು ವಿಜ್ಞಾನ ಮತ್ತು ಪ್ರವಾಸದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಪ್ಯಾಕೇಜ್ ಪ್ರವಾಸಗಳನ್ನು ಕುರಿತ ಅವರ ಪುಸ್ತಕ 2013ರಲ್ಲಿ ಬಂದಿತ್ತು. ಅಂದರೆ ಅವರ ಇಂಗ್ಲಿಷ್ ಗದ್ಯ ಎಂಥದ್ದು ಎಂಬುದು ಅನುವಾದಕ್ಕಿಂತ ಮೊದಲೇ ಓದುಗರ ಮುಂದಿತ್ತು. ‘ಘಾಚರ್ ಘೋಚರ್’ 2017ರಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲೂ ಬಂತು. ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ 2021ರಲ್ಲಿ ಇಂಗ್ಲಿಷಿಗೆ ಬಂದಾಗ ಅನುವಾದಕರಾಗಿ ಕಾರ್ನಾಡರ ಜೊತೆಗೆ ಇದ್ದ ಹೆಸರು ಪೆರೂರ್ ಅವರದೇ. 2023ರಲ್ಲಿ ಶಾನಭಾಗರ ‘ಸಕೀನಾಳ ಮುತ್ತು’ ಕಾದಂಬರಿಯನ್ನೂ ಅವರೇ ಅನುವಾದಿಸಿದರು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೀಗೆ ಕೆಲಸ ದಾಟಿ ಬರುವುದು ಪ್ರಶಸ್ತಿಗಿಂತ ಖಚಿತವಾದ ಗುರುತು. ಒಮ್ಮೆ ಜೊತೆಗೆ ಕೆಲಸ ಮಾಡಿದ ಲೇಖಕರು ಎರಡನೆಯ ಸಲವೂ ಅವರ ಬಳಿಗೇ ಬಂದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎಲ್ಲರೂ ಸ್ವಂತ ಪುಸ್ತಕ ಬರೆಯಬೇಕೆಂದಿಲ್ಲ. ಬೇರೆಯವರ ಅನುವಾದಗಳ ವಿಮರ್ಶೆ, ತಾವು ಅನುವಾದಿಸುತ್ತಿರುವ ಲೇಖಕರ ಬಗ್ಗೆ ಒಂದು ಪರಿಚಯ ಲೇಖನ, ಸಂಕಲನಕ್ಕೆ ಬರೆದ ಟಿಪ್ಪಣಿ, ಇವೂ ಗದ್ಯವನ್ನೂ ವಿವೇಚನೆಯನ್ನೂ ತೋರಿಸುತ್ತವೆ. ‘ಹಾರ್ಟ್ ಲ್ಯಾಂಪ್’ನಲ್ಲಿ ಅಡಿಟಿಪ್ಪಣಿಗಳಿಲ್ಲ, ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಿಯೂ ಇಲ್ಲ, ಏಕಿಲ್ಲ ಎಂಬುದನ್ನು ಅನುವಾದಕಿ ಪುಸ್ತಕದ ಕೊನೆಯಲ್ಲಿ ವಾದಿಸಿದ್ದಾರೆ. ಒಪ್ಪುವವರಿರಬಹುದು, ಒಪ್ಪದವರಿರಬಹುದು. ಆದರೆ ಇದು ಅಜಾಗರೂಕತೆಯಲ್ಲ, ಯೋಚಿಸಿ ತೆಗೆದುಕೊಂಡ ನಿಲುವು ಎಂಬುದು ಅಲ್ಲಿಂದ ಸ್ಪಷ್ಟವಾಗುತ್ತದೆ. ತಮ್ಮ ಆಯ್ಕೆಗಳಿಗೆ ಕಾರಣ ಕೊಡಬಲ್ಲ ಅನುವಾದಕರನ್ನು ಸಂಪಾದಕರು ನೆನಪಿಟ್ಟುಕೊಳ್ಳುತ್ತಾರೆ.

ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಕೆಲಸವಿದೆ. ಕನ್ನಡ ಬಾರದ ಪ್ರಕಾಶಕರು ಒಂದು ಕನ್ನಡ ಕಾದಂಬರಿಯನ್ನು ಇಂಗ್ಲಿಷಿಗೆ ತರಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ಕನ್ನಡ ಬಲ್ಲ ಒಬ್ಬರಿಂದ ಅದನ್ನು ಓದಿಸಿ ಎರಡು ಮೂರು ಪುಟಗಳ ಅಭಿಪ್ರಾಯ ವರದಿ ಬರೆಸುತ್ತಾರೆ. ಕಥಾಸಾರ, ಭಾಷೆಯ ಗುಣ, ಕನ್ನಡದಲ್ಲಿ ಅದಕ್ಕೆ ಸಿಕ್ಕ ಸ್ವಾಗತ, ಹೊರಗಿನ ಓದುಗರಿಗೆ ಅದು ದಕ್ಕುತ್ತದೆಯೇ ಎಂಬ ಅಂದಾಜು ಅದರಲ್ಲಿರುತ್ತವೆ. ಇದಕ್ಕೆ ಸಿಗುವ ಹಣ ಅಲ್ಪ. ಎಲ್ಲ ಪುಸ್ತಕವನ್ನೂ ಹೊಗಳುವ ವರದಿಗಾರರನ್ನು ಎರಡನೆಯ ಸಲ ಯಾರೂ ಕೇಳುವುದಿಲ್ಲ. ‘ಮೊದಲ ನೂರು ಪುಟ ಚೆನ್ನಾಗಿವೆ, ನಂತರ ಕಥೆ ಜಾಳಾಗುತ್ತದೆ, ಇಂಗ್ಲಿಷಿನಲ್ಲಿ ಇದು ನಿಲ್ಲುವುದು ಕಷ್ಟ’ ಎಂದು ಬರೆದವರ ಮಾತಿಗೆ ಮುಂದೆ ಬೆಲೆ ಬರುತ್ತದೆ. ಅವರೇ ಒಂದು ದಿನ ‘ಇದನ್ನು ತರಲೇಬೇಕು’ ಎಂದರೆ ಪ್ರಕಾಶಕರು ಕಿವಿಗೊಡುತ್ತಾರೆ.

ಇವೆಲ್ಲ ಒಂದೆಡೆ ಸೇರುವುದು ಪೋರ್ಟ್‌ಫೋಲಿಯೋದಲ್ಲಿ. ಅದು ಉದ್ದವಾಗಿದ್ದಷ್ಟೂ ದುರ್ಬಲ ಎನ್ನಬೇಕು. ಒಂದು ಪುಟದ ಪಟ್ಟಿ, ಅದರೊಂದಿಗೆ ಅತ್ಯುತ್ತಮವಾದ ಎರಡು ಮೂರು ಮಾದರಿಗಳು ಸಾಕು. ಒಂದು ಮಾದರಿ ಸಂಭಾಷಣೆ ತುಂಬಿದ್ದು, ಒಂದು ವರ್ಣನೆಯದು, ಒಂದು ಬೇರೆ ಸೀಮೆಯ ಅಥವಾ ಬೇರೆ ಕಾಲದ ಕನ್ನಡದ್ದು ಎಂದು ಆರಿಸಿದರೆ ಕೈಯ ಹರವು ಗೊತ್ತಾಗುತ್ತದೆ. ಪ್ರತಿ ಮಾದರಿಯ ಕೆಳಗೆ ಹಕ್ಕಿನ ಸ್ಥಿತಿ ಬರೆದಿರಬೇಕು: ಯಾರದ್ದು, ಅನುಮತಿ ಇದೆಯೇ, ಯಾವುದಕ್ಕೆ. ಬಹುತೇಕರು ಬಿಡುವುದು ಇದನ್ನೇ. ‘ಸದ್ಯ ಐದು ಕಾದಂಬರಿಗಳ ಅನುವಾದದಲ್ಲಿ ತೊಡಗಿದ್ದಾರೆ’ ಎಂಬ ಸಾಲನ್ನು ಅನುಭವಿ ಸಂಪಾದಕರು ಓದುವುದು ‘ಯಾವುದೂ ಮುಗಿದಿಲ್ಲ’ ಎಂದೇ. ವರ್ಷಕ್ಕೊಮ್ಮೆ ಹಳೆಯ ಮಾದರಿಗಳನ್ನು ಮತ್ತೆ ಓದಿ, ಈಗ ನಾಚಿಕೆ ತರುವಂಥದ್ದನ್ನು ತೆಗೆದುಹಾಕುವುದು ಹೊಸದನ್ನು ಸೇರಿಸುವಷ್ಟೇ ಮುಖ್ಯ.

ಮೂರು ನಾಲ್ಕು ಪ್ರಕಟಣೆಗಳಾದ ಮೇಲೆ ಇಡೀ ಪುಸ್ತಕದ ಪ್ರಸ್ತಾವ ಕಳಿಸುವುದು ಅರ್ಥಪೂರ್ಣ. ಲೇಖಕರ ಸ್ಥಾನ, ಕೃತಿಯ ಸಾರ, ಸುಮಾರು ಐದು ಸಾವಿರ ಪದಗಳ ಮಾದರಿ, ಹಕ್ಕಿನ ವಿವರ ಅದರಲ್ಲಿರುತ್ತವೆ. ಸಂಬಳವಿಲ್ಲದ ಈ ಹಂತ ದಾಟಲು ಕೆಲವು ನೆರವುಗಳಿವೆ, ಆದರೆ ಯಾರು ಅರ್ಜಿ ಹಾಕಬೇಕೆಂಬುದು ಒಂದೊಂದಕ್ಕೆ ಒಂದೊಂದು ಥರ. ಇಂಗ್ಲಿಷ್ ಪೆನ್ ಸಂಸ್ಥೆಯ ‘ಪೆನ್ ಪ್ರೆಸೆಂಟ್ಸ್’ ಅನುವಾದಕರಿಗೆ ಮಾದರಿ ತಯಾರಿಸಲು ಹಣ ಕೊಡುವ ಯೋಜನೆ. ಅದೇ ಸಂಸ್ಥೆಯ ‘ಪೆನ್ ಟ್ರಾನ್ಸ್‌ಲೇಟ್ಸ್’ಗೆ ಅರ್ಜಿ ಹಾಕುವವರು ಪ್ರಕಾಶಕರು, ಬಾನು ಮುಷ್ತಾಕ್ ಅವರ ಕಥೆಗಳಿಗೆ ಸಿಕ್ಕಿದ್ದು ಈ ಎರಡನೆಯದು. ಭಾರತದಲ್ಲಿ ನ್ಯೂ ಇಂಡಿಯಾ ಫೌಂಡೇಶನ್ನಿನ ಅನುವಾದ ಫೆಲೋಶಿಪ್ಪಿಗೆ ಕನ್ನಡವೂ ಸೇರಿದಂತೆ ಹತ್ತು ಭಾಷೆಗಳವರು ಅರ್ಜಿ ಹಾಕಬಹುದು, ಆದರೆ ಅದು ಕಥೆ ಕಾದಂಬರಿಗಳಿಗಲ್ಲ, ವೈಚಾರಿಕ ಮತ್ತು ಇತಿಹಾಸದ ಬರಹಗಳಂಥ ಕಾಲ್ಪನಿಕವಲ್ಲದ ಕೃತಿಗಳಿಗೆ. ಇಲ್ಲಿ ಎಲ್ಲೂ ಪರಿಚಯ ಪತ್ರದ ಸೊಗಸು ಮಾದರಿಯ ಕೊರತೆಯನ್ನು ಮುಚ್ಚುವುದಿಲ್ಲ.

ಎಲ್ಲ ಸರಿಯಿದ್ದರೂ ಕಾಯುವಿಕೆ ತಪ್ಪದು. ಪೋಲಿಷ್ ಲೇಖಕಿ ಓಲ್ಗಾ ತೊಕಾರ್ಚುಕ್ ಅವರ ಕಾದಂಬರಿಯೊಂದು ಮೂಲದಲ್ಲಿ 2007ರಲ್ಲಿ ಬಂತು. ಅದನ್ನು ‘ಫ್ಲೈಟ್ಸ್’ ಹೆಸರಿನಲ್ಲಿ ಇಂಗ್ಲಿಷಿಗೆ ತಂದ ಜೆನಿಫರ್ ಕ್ರಾಫ್ಟ್‌ಗೆ ಪ್ರಕಾಶಕರು ಸಿಗಲು ವರ್ಷಗಳೇ ಹಿಡಿದವು. ಪುಸ್ತಕ ಬಂದದ್ದು 2017ರಲ್ಲಿ, ಮರುವರ್ಷವೇ ಅದಕ್ಕೆ ಅಂತರರಾಷ್ಟ್ರೀಯ ಬೂಕರ್. ಕನ್ನಡದವರಿಗೆ ಇದಕ್ಕೆ ಮೇಲೊಂದು ತೊಡಕಿದೆ. ಆ ಪ್ರಶಸ್ತಿಗೆ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾದ ಪುಸ್ತಕವಷ್ಟೇ ಅರ್ಹ. ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ಎಷ್ಟೇ ಚೆನ್ನಾಗಿ ಬಂದಿದ್ದರೂ ಅಲ್ಲಿನ ಪ್ರಕಾಶಕರೊಬ್ಬರು ಕೈಗೆತ್ತಿಕೊಳ್ಳುವವರೆಗೆ ಅದು ಲೆಕ್ಕಕ್ಕಿಲ್ಲ. ‘ಹಾರ್ಟ್ ಲ್ಯಾಂಪ್’ ಅನ್ನು ಅಲ್ಲಿ ಪ್ರಕಟಿಸಿದ್ದು ‘ಅಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಸ್ವತಂತ್ರ ಸಂಸ್ಥೆ. ಇಂಥ ಸಣ್ಣ ಸಂಸ್ಥೆಗಳ ಸಂಪಾದಕರು ಹೊಸ ಹೆಸರುಗಳಿಗಾಗಿ ಅನುವಾದದ ಪತ್ರಿಕೆಗಳನ್ನು ಓದುತ್ತಾರೆ. ಬಿಡಿಕಥೆಗಳ ಪ್ರಕಟಣೆ ಫಲ ಕೊಡುವುದು ಹೆಚ್ಚಾಗಿ ಅಲ್ಲಿ.

ಈ ನಡುವೆ ಹೊಟ್ಟೆಪಾಡಿಗೆ ಬೇರೆ ಕೆಲಸ ಬೇಕೇ ಬೇಕು. ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡಿದ ದೊಡ್ಡ ಹೆಸರುಗಳನ್ನು ನೋಡಿದರೂ ಇದು ಕಾಣುತ್ತದೆ. ವಚನಗಳ ‘ಸ್ಪೀಕಿಂಗ್ ಆಫ್ ಶಿವ’ (1973) ಮತ್ತು ‘ಸಂಸ್ಕಾರ’ದ ಅನುವಾದ (1976) ಕೊಟ್ಟ ಎ.ಕೆ. ರಾಮಾನುಜನ್ ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಾಪಕರು. ಜಯಂತ ಕಾಯ್ಕಿಣಿಯವರ ಕಥೆಗಳ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ಲೇಖಕರ ಜೊತೆ ಡಿಎಸ್‌ಸಿ ಪ್ರಶಸ್ತಿ ಹಂಚಿಕೊಂಡ ತೇಜಸ್ವಿನಿ ನಿರಂಜನ ಕೂಡ ಅಧ್ಯಾಪಕಿ, ವಿದ್ವಾಂಸೆ. ವೃತ್ತಿಯ ಹೆಸರು ಬೆಳೆದರೂ ಅದೊಂದೇ ಆದಾಯವಾಗುವುದು ಅಪರೂಪ.

ಹೆಸರು ಬೆಳೆಯುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಮೆಚ್ಚುಗೆಯ ಮಾತುಗಳನ್ನು ಎಣಿಸಿ ಪ್ರಯೋಜನವಿಲ್ಲ. ಗಮನಿಸಬೇಕಾದದ್ದು ಪತ್ರ ಯಾವ ಕಡೆಯಿಂದ ಮೊದಲು ಬರುತ್ತದೆ ಎಂಬುದನ್ನು. ಮೊದಲ ವರ್ಷಗಳಲ್ಲಿ ಎಲ್ಲ ಪತ್ರಗಳನ್ನೂ ಅನುವಾದಕರೇ ಬರೆಯುತ್ತಾರೆ. ಒಂದು ಹಂತದಲ್ಲಿ ಪತ್ರಿಕೆಯೊಂದು ತಾನಾಗಿ ಕಥೆ ಕೇಳುತ್ತದೆ, ಪರಿಚಯವಿಲ್ಲದ ಲೇಖಕರು ಪುಸ್ತಕ ಕಳಿಸುತ್ತಾರೆ, ಪ್ರಕಾಶಕರು ವರದಿ ಕೇಳುತ್ತಾರೆ. ಮೂರ್ನಾಲ್ಕು ಪ್ರಕಟಣೆಗಳಾದ ಮೇಲೂ ಇವುಗಳಲ್ಲಿ ಒಂದೂ ಆಗದಿದ್ದರೆ, ಒಂದೋ ಪ್ರಕಟವಾದ ಜಾಗಗಳನ್ನು ಯಾರೂ ಓದುತ್ತಿಲ್ಲ, ಇಲ್ಲವೇ ಇಂಗ್ಲಿಷ್ ಗದ್ಯ ಇನ್ನೂ ಹದಕ್ಕೆ ಬಂದಿಲ್ಲ. ಯಾವುದೆಂದು ತಿಳಿಯಲು ಕನ್ನಡ ಬಾರದ ಆ ಓದುಗರ ಬಳಿಗೇ ಮತ್ತೆ ಹೋಗಬೇಕು.

ಪುಸ್ತಕದ ಒಪ್ಪಂದ ಕೈಗೆ ಬಂದಾಗ ಹೆಸರಿಗೆ ಸಂಬಂಧಿಸಿದ ಮೂರು ಅಂಶಗಳನ್ನು ಸಹಿಗೆ ಮೊದಲು ನೋಡಿಕೊಳ್ಳುವುದು ವಾಡಿಕೆ. ಅನುವಾದಕರ ಹೆಸರು ಒಳಪುಟದಲ್ಲಷ್ಟೇ ಅಲ್ಲ, ಮುಖಪುಟದಲ್ಲೂ ಇರುತ್ತದೆಯೇ ಎಂಬುದು ಮೊದಲನೆಯದು. 2021ರಲ್ಲಿ ಕ್ರಾಫ್ಟ್ ಮತ್ತು ಕಾದಂಬರಿಕಾರ ಮಾರ್ಕ್ ಹ್ಯಾಡನ್ ಇದಕ್ಕೆಂದೇ ಬಹಿರಂಗ ಪತ್ರ ಬರೆದು ಚಳವಳಿ ನಡೆಸಿದ ಮೇಲೆ ಪ್ರಕಾಶಕರು ಇದಕ್ಕೆ ಹೆಚ್ಚು ಒಪ್ಪುತ್ತಿದ್ದಾರೆ. ಅನುವಾದದ ಕೃತಿಸ್ವಾಮ್ಯ ಅನುವಾದಕರ ಹೆಸರಿನಲ್ಲೇ ಉಳಿಯುತ್ತದೆಯೇ ಎಂಬುದು ಎರಡನೆಯದು. ಒಟ್ಟು ಹಣ ಕೊಟ್ಟು ಪೂರ್ತಿ ಹಕ್ಕು ಬರೆಸಿಕೊಳ್ಳುವ ಒಪ್ಪಂದಗಳಲ್ಲಿ ಅದು ಉಳಿಯುವುದಿಲ್ಲ, ಮುಂದಿನ ಮುದ್ರಣಗಳ ರಾಯಧನವೂ ಸಿಗುವುದಿಲ್ಲ. ಮೂರನೆಯದು, ಪುಸ್ತಕದ ಪ್ರತಿಗಳು ಮುಗಿದು ಮರುಮುದ್ರಣವಾಗದಿದ್ದರೆ ಹಕ್ಕು ಇಂತಿಷ್ಟು ತಿಂಗಳಲ್ಲಿ ಮರಳುತ್ತದೆ ಎಂಬ ಷರತ್ತು. ಅದು ಇಲ್ಲದಿದ್ದರೆ ಅಂಗಡಿಯಲ್ಲಿ ಎಲ್ಲೂ ಸಿಗದ ಪುಸ್ತಕವನ್ನು ಬೇರೆ ಪ್ರಕಾಶಕರಿಗೆ ಕೊಡಲೂ ಆಗದೆ, ಪೋರ್ಟ್‌ಫೋಲಿಯೋದ ಅತ್ಯುತ್ತಮ ಕೆಲಸ ಓದುಗರ ಕೈಗೆ ಸಿಗದಂತೆ ಉಳಿದುಬಿಡುತ್ತದೆ.